ಬಾಚಿ ಒತ್ತೆ ಇಟ್ಟ ಬಡಿಗೇರ ಮಾನಪ್ಪ

ಹಾನಗಲ್ಲಿನ ಬಡಿಗೇರ ಮಾನಪ್ಪನ ಬಾಯಲ್ಲಿ ವಾರಕ್ಕೆ ಇದ್ದದ್ದು ಒಂದೇ ದಿನ, ಸೋಮವಾರ. ನೇಗಿಲು ಯಾವಾಗ? ಸೋಮವಾರ. ಬಾಗಿಲ ಚೌಕಟ್ಟು? ಸೋಮವಾರ. ಸೋಮವಾರದ ದಿನವೇ ಹೋಗಿ ಎದುರಿಗೆ ನಿಂತು ಕೇಳಿದರೂ "ಸೋಮವಾರ ಅಂದೇನೆಲ್ರಿ" ಎಂದು ಅಷ್ಟೇ ಸಮಾಧಾನದಿಂದ ಹೇಳುತ್ತಿದ್ದ. ಯಾವ ಸೋಮವಾರ ಎಂದು ಕೇಳಲು ಬಂದವರಿಗೇ ನಾಚಿಕೆಯಾಗುತ್ತಿತ್ತು. ನನಗೆ ಆಗುತ್ತಿರಲಿಲ್ಲ. ನನ್ನ ಕಿರಾಣಿ ಅಂಗಡಿ ಅವನ ಕೆಲಸದ ಚಪ್ಪರದ ಎದುರಿಗೇ ಇತ್ತು, ದಿನಾ ಕೇಳುತ್ತಿದ್ದೆ. ಆದರೂ ನನ್ನ ದೊಡ್ಡ ಮಗಳಿಗೆಂದು ಹೇಳಿದ ತೊಟ್ಟಿಲಲ್ಲಿ ಅವಳ ತಮ್ಮ ಮಲಗಿದ. ಆದ್ದರಿಂದ ಮಾನಪ್ಪನ ಬಗ್ಗೆ ಹೇಳುವಾಗ ನನ್ನ ಮಾತು ಸ್ವಲ್ಪ ಹುಳಿಯಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಆತನ ಕೈಚಳಕಕ್ಕಿಂತ ಕಣ್ಣಿನ ಚಳಕ ದೊಡ್ಡದು. ಚಪ್ಪರದ ಹಿಂದೆ ಊರಿನವರದೆಲ್ಲ ಅರ್ಧಂಬರ್ಧ ಆದ ಕೆಲಸ ಬಿದ್ದಿರುತ್ತಿತ್ತು. ಓಣಿಯ ತಿರುವಿನಲ್ಲಿ ಯಾರದಾದರೂ ರುಮಾಲು ಕಂಡದ್ದೇ ತಡ, ಕೈಯಲ್ಲಿದ್ದದ್ದನ್ನು ಬದಿಗೆ ಸರಿಸಿ, ಬರುವವರ ಸಾಮಾನನ್ನು ಮುಂದೆ ಎಳೆದುಕೊಂಡು ಕಟ್ಟಿಗೆ ಕೆತ್ತುವ ಬಾಚಿಯಿಂದ ನಾಲ್ಕು ಏಟು ಹಾಕುತ್ತಿದ್ದ. ಬಂದವರು ನೋಡಿದಾಗ ಅವರದೇ ಕೆಲಸ ನಡೆದಿರುತ್ತಿತ್ತು. ಬೈಯಲು ಬಂದವರು ಎಲೆ ಅಡಿಕೆ ಕೊಟ್ಟು ಹೋಗುತ್ತಿದ್ದರು. ಒಮ್ಮೆ ಮಾತ್ರ ರುಮಾಲು ತಪ್ಪಾಗಿ ಗುರುತಿಸಿ, ಮಂಚ ಮಾಡಿಸಲು ಕೊಟ್ಟಿದ್ದ ಫಕ್ಕೀರಪ್ಪನ ಮುಂದೆ ಇನ್ನೊಬ್ಬರ ಬಾಗಿಲಿನ ಹೊಸ್ತಿಲು ಎಳೆದುಕೊಂಡು ಕೂತ.

"ಅಲ್ಲೋ ಮಾನಪ್ಪ, ನನ್ನ ಮಂಚಕ್ಕ ಹೊಸ್ತಲಾ ಯಾಕೋ?" ಎಂದ ಫಕ್ಕೀರಪ್ಪ.

"ಗಟ್ಟಿ ಇರ್ಲಿ ಅಂತ್ರಿ" ಎಂದ ಮಾನಪ್ಪ, ಮುಖ ಎತ್ತದೆ.

ಹಾಗೆಂದು ಅವನನ್ನು ಸೋಮಾರಿ ಎಂದರೆ ನನ್ನ ನಾಲಿಗೆಯೇ ಒಪ್ಪುವುದಿಲ್ಲ. ನಾನು ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅವನ ಬಾಚಿಯ ಸದ್ದು ಶುರುವಾಗಿರುತ್ತಿತ್ತು. ಅವನ ತೊಂದರೆ ಬೇರೆ. ರೈತರೆಲ್ಲ ಸುಗ್ಗಿಯಲ್ಲಿ ಅವನಿಗೆ ಆಯದ ಕಾಳು ಅಳೆಯುತ್ತಿದ್ದರು. ಅದಕ್ಕೆ ಪ್ರತಿಯಾಗಿ ವರ್ಷವಿಡೀ ಅವರ ನೇಗಿಲು, ಕುಂಟೆ, ಕೂರಿಗೆಗಳನ್ನು ಇವನು ನೋಡಿಕೊಳ್ಳಬೇಕು. ಬಂದವರೆಲ್ಲ ನಾಳೆಯೇ ಬೇಕು ಎನ್ನುತ್ತಿದ್ದರು. ಆಗುವುದಿಲ್ಲ ಎನ್ನುವ ಮಾತು ಮಾನಪ್ಪನ ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ. ಅದರ ಬದಲು ಸೋಮವಾರ ಬರುತ್ತಿತ್ತು. ಜನವೂ ಅದಕ್ಕೆ ಹೊಂದಿಕೊಂಡು, ಮಾನಪ್ಪ ಒಂದು ದಿನ ಹೇಳಿದರೆ ಅದಕ್ಕೆ ತಮ್ಮ ಲೆಕ್ಕದ ತಿಂಗಳು ಸೇರಿಸಿಕೊಂಡು ನೆಮ್ಮದಿಯಾಗಿದ್ದರು.

ಆದರೆ ಒಂದು ಮಾತು. ಸುಳ್ಳು ಇದ್ದದ್ದು ದಿನದ ವಿಷಯದಲ್ಲಿ ಮಾತ್ರ. ಕಟ್ಟಿಗೆಯ ವಿಷಯದಲ್ಲಿ ಅವನು ಒಂದು ಸುಳ್ಳೂ ಹೇಳಿದವನಲ್ಲ. ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಅವನು ಮಾಡಿದ ಗಾಲಿಗಳು ಉರುಳುತ್ತಿದ್ದವು, ಒಂದರ ಅರವೂ ಅಲುಗಿದ್ದನ್ನು ಯಾರೂ ಕಂಡಿರಲಿಲ್ಲ. ಜನ ಹಲ್ಲು ಕಡಿಯುತ್ತಲೇ ಅವನ ಹತ್ತಿರ ಬರುತ್ತಿದ್ದದ್ದು ಅದಕ್ಕೆ.

ಯುದ್ಧದ ಕಾಲ. ತಿಳವಳ್ಳಿಯ ಉಳಿವೆಪ್ಪ ಒಂದು ಹೊಸ ಚಕ್ಕಡಿ ಹೇಳಿದ. ಉಳಿವೆಪ್ಪ ಅನುಕೂಲಸ್ಥ ರೈತ, ಮಾತಿನಲ್ಲಿ ಜೋರು, ಯಾರನ್ನೂ ನಂಬದ ಮನುಷ್ಯ. ಹಿರೇಕೆರೂರಿನ ಕಡೆ ಕೊಟ್ಟ ಮಗಳು ಮೊದಲ ಬಸುರಿ. ಅವಳನ್ನು ತವರಿಗೆ ಕರೆತರುವುದು ಹೊಸ ಚಕ್ಕಡಿಯಲ್ಲೇ ಎಂದು ಬೀಗರ ಮುಂದೆ ಆಡಿ ಬಂದಿದ್ದ. "ಯುಗಾದಿಗೆ ಗಾಡಿ ನನ್ನ ಅಂಗಳದಾಗ ಇರಬೇಕು" ಎಂದು ಮಾನಪ್ಪನಿಗೆ ಹೇಳಿದ. ಮಾನಪ್ಪ ವಾಡಿಕೆಯಂತೆ "ಯುಗಾದಿ ಹಿಂದಿನ ಸೋಮವಾರ ಬರ್ರಿ" ಎಂದ. ಇಬ್ಬರೂ ಸಂತೋಷದಿಂದ ಬೇರೆಯಾದರು.

ಗಾಲಿಯ ನಡುವಿನ ಗುಂಬ ಆಯಿತು. ಮೇಲಿನ ಸುತ್ತಿನ ತುಂಡುಗಳೂ ಆದವು. ಹೋಳಿ ಹುಣ್ಣಿಮೆ ಕಳೆದ ಮೇಲೆ, ಗುಂಬಕ್ಕೂ ಸುತ್ತಿಗೂ ನಡುವೆ ನಿಲ್ಲುವ ಅರಗಳಿಗೆಂದು ಇಟ್ಟಿದ್ದ ಜಾಲಿಯ ದಿಮ್ಮಿಯನ್ನು ಸೀಳಿದ. ಹೊರಗೆಲ್ಲ ಒಣಗಿ ಗಟ್ಟಿಯಾಗಿ ಕಾಣುತ್ತಿದ್ದ ದಿಮ್ಮಿಯ ತಿರುಳು ಇನ್ನೂ ಹಸಿಯಾಗಿತ್ತು. ನಾನು ಅಂಗಡಿಯಿಂದ ನೋಡುತ್ತಿದ್ದೆ. ಮಾನಪ್ಪ ಒಂದು ಸೀಳನ್ನು ಮೂಸಿ ನೋಡಿದ, ಕೈಯಲ್ಲಿ ತೂಗಿದ, ಕಲ್ಲಿಗೆ ಬಡಿದು ಕಿವಿಗೊಟ್ಟ. ಆಮೇಲೆ ತಲೆಯ ಮೇಲೆ ಕೈ ಇಟ್ಟು ಕೂತ.

ಹಸಿ ಅರ ಹಾಕಿ ಗಾಲಿ ಕೂಡಿಸಿದರೆ ಆ ದಿನಕ್ಕೆ ಯಾರಿಗೂ ಗೊತ್ತಾಗುವುದಿಲ್ಲ. ಬಣ್ಣ ಬಳಿದರೆ ಮದುಮಗನಂತೆ ಕಾಣುತ್ತದೆ. ಆದರೆ ಬಿಸಿಲಿಗೆ ಅರ ಒಣಗಿ ಕುಗ್ಗುತ್ತವೆ, ಗಾಲಿ ಸಡಿಲಾಗುತ್ತದೆ, ಸುತ್ತಲೂ ಬಿಗಿದ ಕಬ್ಬಿಣದ ಹಳಿ ದಾರಿಯಲ್ಲೇ ಕಳಚಿಕೊಳ್ಳುತ್ತದೆ. ಬೇರೆ ಒಣ ಕಟ್ಟಿಗೆ ಸಿಗುತ್ತದೆಯೋ ಎಂದು ಶಿಗ್ಗಾಂವಿಯ ತನಕ ಹೋಗಿ ಬಂದ. ಆ ವರ್ಷ ಒಳ್ಳೆಯ ಕಟ್ಟಿಗೆ ಎಲ್ಲಿಯೂ ಇರಲಿಲ್ಲ.

"ಸೋಮವಾರ ಅಂತ ಹೇಳ್ಕೋತ ಹೋದ್ರಾತು" ಎಂದು ತನಗೆ ತಾನೇ ಹೇಳಿಕೊಂಡ. ಹೆಂಡತಿ ಸಾವಂತ್ರವ್ವ ಒಳಗಿನಿಂದಲೇ ಗುಡುಗಿದಳು. "ಮಂಚ ಕಾಯೋದು ಬ್ಯಾರೆ, ಬಸರಿ ಹೆಂಗಸು ಕಾಯೋದು ಬ್ಯಾರೆ. ಆ ಹುಡುಗಿ ಗಂಟು ಕಟ್ಟಿಕೊಂಡು ಬಾಗಲಾ ನೋಡ್ಕೋತ ಕುಂದರಬೇಕೇನು? ಹೋಗ್ರಿ. ಇದ್ದದ್ದು ಇದ್ದಂಗ ಹೇಳಿ ಇನ್ನಷ್ಟು ದಿನಾ ಕೇಳ್ಕೊಂಡು ಬರ್ರಿ."

ಮಾನಪ್ಪ ಹೋದ. ಗಿರಾಕಿಯ ಮನೆಗೆ ತಾನಾಗಿ ನಡೆದು ಹೋದದ್ದು ಅವನ ಜನ್ಮದಲ್ಲಿ ಅದೇ ಮೊದಲು. ಹೆಗಲ ಮೇಲೆ ಎಂದಿನಂತೆ ಬಾಚಿ, ಕೈಚೀಲದಲ್ಲಿ ಹಸಿ ಜಾಲಿಯ ಒಂದು ಸೀಳು, ಒಣ ಜಾಲಿಯ ಇನ್ನೊಂದು. ಮುಂದೆ ನಡೆದದ್ದನ್ನು ಅವನೇ ನನಗೆ ಎಷ್ಟೋ ಸಲ ಹೇಳಿದ್ದಾನೆ.

ಅವನನ್ನು ಕಂಡದ್ದೇ ಉಳಿವೆಪ್ಪ ಗಾಬರಿಯಾದ. "ಯಾರಾದ್ರೂ ತೀರಿಕೊಂಡ್ರೇನೋ?"

"ಇಲ್ರೀ ಯಜಮಾನ್ರ. ಯುಗಾದಿಗೆ ಗಾಡಿ ಆಗೂದಿಲ್ರಿ. ಅದನ್ನ ಹೇಳಾಕ ಬಂದೇನಿ."

ಉಳಿವೆಪ್ಪ ಜಗಲಿಯ ಮೇಲೆ ಮೆಲ್ಲಗೆ ಕೂತ. ಬಡಿಗೇರ ಆಗುವುದಿಲ್ಲ ಎನ್ನುವುದೆಂದರೇನು? ಅದು ಅವನು ಕೇಳರಿಯದ ಮಾತು. "ಹಂಗ್ಯಾಕ ಅಂತೀಯೋ. ಸೋಮವಾರ ಅನ್ನು. ನಾ ಬರ್ತೇನಿ, ನೀ ಮತ್ತ ಸೋಮವಾರ ಅನ್ನು. ಎಲ್ಲಾ ನಡದದ ಹಂಗ ನಡೀಲಿ."

ಮಾನಪ್ಪ ಎರಡು ಸೀಳುಗಳನ್ನೂ ತೆಗೆದು ಒಂದಾದ ಮೇಲೊಂದು ಕಟ್ಟೆಗೆ ಬಡಿದ. ಒಣಗಿದ್ದು ಠಣ್ ಎಂದಿತು, ಹಸಿಯದು ದೊಪ್ ಎಂದಿತು. "ಇದು ನಿಮ್ಮ ಗಾಲಿಯ ಅರದ ಕಟ್ಟಿಗ್ರಿ. ಒಳಗ ಹಸಿ ಐತಿ. ದಿಮ್ಮಿ ಹೊರಗ ಒಣಗಿತ್ತು, ಒಳಗೂ ಒಣಗಿರತೈತಿ ಅಂತ ನಾ ಸೀಳಿ ನೋಡ್ಲಿಲ್ಲ. ಸುಗ್ಗಿಯೊಳಗ ಸೀಳಿಟ್ಟಿದ್ರ ಇಷ್ಟೊತ್ತಿಗೆ ಒಣಗತಿತ್ತು. ತಪ್ಪು ನಂದ. ಇದನ್ನ ಹಾಕಿದ್ರ ನಿಮ್ಮ ಮಗಳು ಕುಂತಾಗ ಗಾಲಿ ಬಿಚ್ಚತೈತಿ."

"ಯುದ್ಧ ಅಂತ ಹೇಳೋ ಮಾರಾಯಾ" ಎಂದ ಉಳಿವೆಪ್ಪ. "ಕಬ್ಬಣಾ ಸಿಗವಲ್ದು ಅನ್ನು, ನಾ ಒಪ್ಕೊಂತೇನಿ. ನಮ್ಮೂರ ಸಿಂಪಿಗ್ಯಾ ಅಂಗಿಗೆ ಗುಂಡಿ ಹಚ್ಚದಿದ್ರೂ ಯುದ್ಧ ಅಂತಾನ."

"ಕಬ್ಬಣಾ ಐತ್ರಿ. ಕಮ್ಮಾರ ಹಯಾತನ ಹಂತ್ಯಾಕ ಹಳೀ ಗಾಡಿ ಹಳಿ ಅದಾವು, ಮಾತಾಡಿ ಇಟ್ಟೇನಿ. ಕಟ್ಟಿಗಿದ ಅಡಚಣಿ." ಮಾನಪ್ಪ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದಿದ್ದ. "ಅರ ಸೀಳಿ, ತುದಿಗೆ ಸಗಣಿ ಮೆತ್ತಿ ನೆರಳಾಗ ಇಟ್ಟೇನಿ. ಈ ಬ್ಯಾಸಗಿಗೆ, ಬಸವಜಯಂತಿ ಹಿಂದಿನ ಅಕ್ಷತದಿಗಿ ಅಮಾಸಿಗಿಂತ ಮೊದಲ ಒಣಗತಾವು. ಗಾಲಿ ಕೂಡಸಾಕ, ಹಯಾತ ಹಳಿ ಬಿಗ್ಯಾಕ ಒಂದಿಷ್ಟು ದಿನಾ ಹಿಡದೇನಿ. ಅಮಾಸಿ ದಿನ ನಾವು ಕೆಲಸ ಮಾಡೂದಿಲ್ಲ, ಅದನ್ನೂ ಬಿಟ್ಟೇನಿ. ಬಸವಜಯಂತಿ ದಿನ ಹೊತ್ತು ಹುಟ್ಟೂದ್ರಾಗ ಗಾಡಿ ನಿಮ್ಮ ಬಾಗಲದಾಗ ಇರತೈತಿ. ಹಿಂದ ಮುಂದ ಇಲ್ಲ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಉಳಿವೆಪ್ಪನ ಹೆಂಡತಿ ಭರಮವ್ವನ ಮುಖ ಅರಳಿತು. "ಬಸವಜಯಂತಿ ಅಂದ್ರ ನಮಗ..." ಎಂದು ಬಾಯಿ ತೆಗೆದಳು.

"ನೀ ಒಳಗ ಹೋಗಿ ಚಾ ಇಡು" ಎಂದು ಉಳಿವೆಪ್ಪ ಗದರಿಸಿದ. ಆಮೇಲೆ ಮಾನಪ್ಪನ ಕಡೆ ತಿರುಗಿದ. "ನೀ ಯುಗಾದಿ ಅಂದಿದ್ರ ನಾ ಬಸವಜಯಂತಿ ಅಂತ ತಿಳಕೊಂತಿದ್ದೆ. ಈಗ ಬಸವಜಯಂತಿ ಅಂತೀ. ಹಂಗಾರ ಅದು ಕಾರಹುಣ್ಣಿಮಿ! ಅಷ್ಟೊತ್ತಿಗೆ ನನ್ನ ಮಗಳು ಬೀಗರ ಮನ್ಯಾಗ ಹಡೀತಾಳ. ಬ್ಯಾಡ, ನಾ ಹಿರೇಕೆರೂರ ಬಡಿಗ್ಯಾಗ ಹೇಳ್ತೇನಿ."

ಮಾನಪ್ಪ ಎರಡೂ ಸೀಳುಗಳನ್ನು ಕೈಚೀಲಕ್ಕೆ ತುರುಕಿದ. ಉಳಿವೆಪ್ಪನ ಚಕ್ಕಡಿ ಕೈತಪ್ಪಿದರೆ ತಿಳವಳ್ಳಿಯ ಇಡೀ ಓಣಿ ಕೈತಪ್ಪಿದಂತೆ. ಅದಕ್ಕಿಂತ ಹೆಚ್ಚಾಗಿ, ಹುಟ್ಟಿದಾಗಿನಿಂದ ಹೇಳಿದ ಸುಳ್ಳನ್ನೆಲ್ಲ ಸಹಿಸಿಕೊಂಡ ಜನ, ಒಂದೇ ಒಂದು ಖರೆ ಹೇಳಿದ ದಿನ ಬೆನ್ನು ತಿರುಗಿಸಿದರಲ್ಲ ಎಂದು ಅವನಿಗೆ ಅಳುವೇ ಬಂತು. "ಹೆಂಗ ಹೇಳಿದ್ರ ನಂಬತೀರಿ?" ಎಂದ.

"ಏನಾದ್ರೂ ಒತ್ತಿ ಇಡು. ಬರೇ ಮಾತು ಬ್ಯಾಡ."

ಮಾನಪ್ಪ ಹಿಂದೆ ಮುಂದೆ ನೋಡದೆ ಹೆಗಲ ಮೇಲಿನ ಬಾಚಿ ತೆಗೆದು ಜಗಲಿಯ ಮೇಲೆ ಇಟ್ಟುಬಿಟ್ಟ. ಅದು ಅವನ ಅಜ್ಜನ ಕಾಲದ ಬಾಚಿ. ಅಮಾವಾಸ್ಯೆಗೊಮ್ಮೆ ಪೂಜೆಗೊಳ್ಳುವ ಬಾಚಿ, ಮಗನೂ ಕೇಳದೆ ಮುಟ್ಟುವಂತಿಲ್ಲ. ಉಳಿವೆಪ್ಪ ಎದ್ದು ನಿಂತ. ಬಾಚಿಯನ್ನು ಎತ್ತಿ ದೇವರ ಮಾಡದಲ್ಲಿ ಇಟ್ಟು, "ಬಸವಜಯಂತಿ" ಎಂದ. ಚಹಾ ಬಂತು. ಇಬ್ಬರೂ ದೊಡ್ಡ ಕೆಲಸ ಮಾಡಿದವರಂತೆ ಕುಡಿದರು.

ಆ ಬಾಚಿ ಇಲ್ಲದೆ ಚಕ್ಕಡಿ ಮಾಡುವುದು ಹೇಗೆ ಎಂಬ ಪ್ರಶ್ನೆ ಇಬ್ಬರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಮಾನಪ್ಪನಿಗೆ ಅದು ಹೊಳೆದದ್ದು ಮನೆಗೆ ಬಂದು ಸಾವಂತ್ರವ್ವ "ಬಾಚಿ ಎಲ್ಲಿ?" ಎಂದು ಕೇಳಿದಾಗ. ಅವಳು ಬೈದದ್ದು ನನ್ನ ಅಂಗಡಿಯ ತನಕ ಕೇಳಿಸಿತು. ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ. ಒತ್ತೆ ಇಟ್ಟದ್ದನ್ನು ಮರಳಿ ಕೇಳಿದರೆ ಮಾತು ಹೋದಂತೆ. ಬೇರೆ ಬಡಿಗೇರರನ್ನು ಕೇಳೋಣವೆಂದರೆ ಹೆಂಡತಿಯ ತಾಳಿ ಕೊಟ್ಟಾರು, ಬಾಚಿ ಕೊಡುವವರಲ್ಲ.

ಮರುದಿನದಿಂದ ನಮ್ಮ ಓಣಿಯಲ್ಲಿ ಹಿಂದೆಂದೂ ನಡೆಯದ್ದು ನಡೆಯಿತು. ನಮ್ಮೂರಿನ ರೈತ ಲಕ್ಕಪ್ಪ ಮುರಿದ ಕುಂಟೆ ಹೊತ್ತು ಬಂದ. "ನಾಳೆ ಬೇಕೋ ಮಾನಪ್ಪ."

"ಆಗೂದಿಲ್ರಿ" ಎಂದ ಮಾನಪ್ಪ.

ಲಕ್ಕಪ್ಪ ತನ್ನ ಕಿವಿಯಲ್ಲಿ ಬೆರಳಾಡಿಸಿ ಮತ್ತೆ ಕೇಳಿದ. ಮತ್ತೆ ಅದೇ ಉತ್ತರ. ಕುಂಟೆಯನ್ನು ಅಲ್ಲೇ ಬಿಟ್ಟು ನೇರವಾಗಿ ನನ್ನ ಅಂಗಡಿಗೆ ಬಂದು, "ಮಾನಪ್ಪಗ ಆರಾಮ ಇಲ್ಲೇನ್ರಿ?" ಎಂದು ಪಿಸುಗುಟ್ಟಿದ. ಆಮೇಲೆ ಬಂದವರಿಗೆಲ್ಲ ಅದೇ ಮಾತು. ಸುಳ್ಳು ಹೇಳಿದಾಗ ಎಲೆ ಅಡಿಕೆ ಕೊಟ್ಟು ಹೋಗುತ್ತಿದ್ದವರು ಈಗ ರೇಗಾಡಿದರು. ಎಲೆ ಅಡಿಕೆಯಂತೂ ನಿಂತೇ ಹೋಯಿತು. ಮಾನಪ್ಪ ಚಪ್ಪರದಲ್ಲಿ ಕೈಕಟ್ಟಿ ಕೂತು, ಸಗಣಿ ಮೆತ್ತಿದ ಅರಗಳನ್ನು ನೆರಳು ಸರಿದಂತೆ ಸರಿಸುತ್ತಿದ್ದ. ಅವನ ಬಾಚಿಯ ಸದ್ದಿಲ್ಲದ ಬೆಳಗುಗಳು ನನಗೂ ಒಗ್ಗಲಿಲ್ಲ. ನಿಜ ಹೇಳುತ್ತೇನೆ, ಬೇಸರವಾಯಿತು.

ಯುಗಾದಿ ಆದ ಮೇಲಿನ ಸಂತೆಗೆ ಉಳಿವೆಪ್ಪ ಹೆಂಡತಿಯೊಡನೆ ಹಾನಗಲ್ಲಿಗೆ ಬಂದ. ಒತ್ತೆಯ ಮೇಲೆ ಅವನಿಗೆ ಎಷ್ಟು ಕಾಳಜಿಯೆಂದರೆ ಬಾಚಿಯನ್ನು ಮನೆಯಲ್ಲಿ ಬಿಡದೆ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಚಕ್ಕಡಿ ಎಲ್ಲಿಗೆ ಬಂತೆಂದು ನೋಡಲು ಚಪ್ಪರಕ್ಕೆ ಬಂದವನನ್ನು ಲಕ್ಕಪ್ಪ, ಫಕ್ಕೀರಪ್ಪ ಮತ್ತು ಇನ್ನಷ್ಟು ಜನ ಸುತ್ತುವರಿದರು. ನಾನೂ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಓಡಿದೆ.

"ನೀ ಒಬ್ಬ ಬಾಚಿ ಇಟ್ಕೊಂಡು ಕುಂತರ ನಮ್ಮ ಕುಂಟಿ ಯಾರು ಮಾಡಬೇಕು?" ಎಂದು ಲಕ್ಕಪ್ಪ ಕೂಗಿದ.

"ಕೊಟ್ರ ನಿಮ್ಮ ಕುಂಟಿನ ಮಾಡ್ತಾನ, ನನ್ನ ಗಾಡಿ ಉಳೀತೈತಿ!" ಎಂದ ಉಳಿವೆಪ್ಪ, ಬಾಚಿಯನ್ನು ಇನ್ನಷ್ಟು ಅವುಚಿಕೊಂಡು.

"ಕೊಡದಿದ್ರ ನಿಮ್ಮ ಗಾಡೀನೂ ಆಗೂದಿಲ್ರಿ" ಎಂದ ಮಾನಪ್ಪ ಮೆಲ್ಲಗೆ. "ಅರ ಒಣಗ್ಯಾವು. ಇವತ್ತಿಂದ ಕೆತ್ತಬೇಕು. ಕೆತ್ತಾಕ ಅದ ಬೇಕು." ಒಂದು ಅರ ಎತ್ತಿ ಕಲ್ಲಿಗೆ ಬಡಿದ. ಠಣ್ ಎಂದಿತು.

ಉಳಿವೆಪ್ಪ ಕಂಕುಳಲ್ಲಿದ್ದ ಗಂಟನ್ನು ನೋಡಿದ, ಮಾನಪ್ಪನನ್ನು ನೋಡಿದ. ಬಾಚಿಗೂ ಚಕ್ಕಡಿಗೂ ಸಂಬಂಧವಿದೆ ಎಂಬುದು ಆಗಲೇ ಅವನ ತಲೆಗೆ ಇಳಿದದ್ದು. ಜನ ನಗತೊಡಗಿದರು. ಅವರ ನಗು ತಾಳದೆ ಉಳಿವೆಪ್ಪ ಪಟ್ಟು ಹಿಡಿದ. "ಕೊಡ್ತೇನಿ. ಆದ್ರ ಇವರೆಲ್ಲಾ ಬಸವಜಯಂತಿ ತನಕ ಇವನ ಹಂತ್ಯಾಕ ಬರಬಾರದು. ಎಲ್ಲಾರೂ ಇಲ್ಲೇ ಒಪ್ಕೋರಿ."

ಆಗ ಮಾನಪ್ಪ ಎಂದೂ ಕೇಳದ ಒಂದು ಪ್ರಶ್ನೆ ಕೇಳಿದ. "ಲಕ್ಕಪ್ಪಾರ, ನಿಮಗ ಕುಂಟಿ ಖರೇನ ಯಾವಾಗ ಬೇಕ್ರಿ? ನಾಳೆ ಅನಬ್ಯಾಡ್ರಿ."

ಲಕ್ಕಪ್ಪ ರುಮಾಲು ಸರಿಪಡಿಸಿಕೊಂಡ. "ಖರೇ ಅಂದ್ರ... ರೋಹಿಣಿ ಮಳಿ ಹೊತ್ತಿಗೆ ಆದ್ರ ಸಾಕು. ನೀ ತಡಾ ಮಾಡ್ತಿ ಅಂತ ನಾಳೆ ಅಂದಿದ್ದೆ."

ರೋಹಿಣಿ ಮಳೆಗೆ ಇನ್ನೂ ಬೇಕಾದಷ್ಟು ದಿನವಿತ್ತು. ಮಾನಪ್ಪ ಫಕ್ಕೀರಪ್ಪನ ಕಡೆ ತಿರುಗಿದ. ಫಕ್ಕೀರಪ್ಪನ ಕೂರಿಗೆಯೂ ಬಿತ್ತನೆಯ ತನಕ ಬೇಕಾಗಿರಲಿಲ್ಲ. ಒಬ್ಬೊಬ್ಬರೂ ನೆಲ ನೋಡುತ್ತ ತಮ್ಮ ಖರೇ ದಿನ ಹೇಳಿದರು. ಇಡೀ ಊರು ನಾಳೆ ಎಂದಿತ್ತು, ನಾಳೆ ಬೇಕಾದವನು ಒಬ್ಬನೂ ಇರಲಿಲ್ಲ.

ಉಳಿವೆಪ್ಪ ಎದೆ ಸೆಟೆಸಿ, "ನೋಡಿದೇನು ಇವರ ಸುಳ್ಳು!" ಎಂದ.

ಭರಮವ್ವನಿಗೆ ಇನ್ನು ತಡೆಯಲಾಗಲಿಲ್ಲ. "ನೀವೇನು ಕಡಿಮಿ ಅದೀರಿ? ಮಗಳನ್ನ ಕರಕೊಂಡು ಬರೂದು ಬಸವಜಯಂತಿ ಮರುದಿನ ಅಂತ ಬೀಗರು ಮೊದಲ ಹೇಳಿ ಕಳಿಸ್ಯಾರ. ಬಡಿಗ್ಯಾ ತಡಾ ಮಾಡ್ತಾನ ಅಂತ ಯುಗಾದಿ ಅಂದವ್ರು ನೀವ. ಆವತ್ತು ಹೇಳಾಕ ಹೋದ್ರ ನನ್ನ ಚಾ ಇಡಾಕ ಕಳಿಸಿದ್ರಿ!"

ಉಳಿವೆಪ್ಪ ಬಟ್ಟೆಯ ಗಂಟು ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದ. ಮಾನಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಕಣ್ಣು ತುಂಬಿದ್ದವು, ನಗುವೂ ಬರುತ್ತಿತ್ತು.

"ಅಂದ್ರ ನಾ ಇಷ್ಟು ವರ್ಷ ಯಾರಿಗೂ ತಡಾ ಮಾಡೇ ಇಲ್ಲೇನ್ರಿ?" ಎಂದ.

ನನ್ನ ತೊಟ್ಟಿಲ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಮನುಷ್ಯನ ಮುಖ ನೋಡಿ ನುಂಗಿಕೊಂಡೆ. ಉಳಿವೆಪ್ಪ ಬಾಚಿಯನ್ನು ಎರಡೂ ಕೈಯಿಂದ ಹಿಡಿದು ಕೊಟ್ಟ. ದೇವರ ಮಾಡದಲ್ಲಿ ಇದ್ದ ಬಾಚಿಗೆ ಭರಮವ್ವ ದಿನಾ ಹಚ್ಚಿದ ಕುಂಕುಮ ಹಾಗೇ ಇತ್ತು.

ಮರುದಿನ ನಸುಕಿನಲ್ಲಿ ಸದ್ದು ಮತ್ತೆ ಶುರುವಾಯಿತು. ಒಬ್ಬ ರೈತನೂ ಆ ಕಡೆ ಸುಳಿಯಲಿಲ್ಲ. ಅರಗಳು ಗುಂಬದಲ್ಲಿ ಬಿಗಿಯಾಗಿ ಕೂತವು. ಹಯಾತ ಬೆರಣಿಯ ಬೆಂಕಿಯಲ್ಲಿ ಹಳಿಯನ್ನು ಕೆಂಪಗೆ ಕಾಯಿಸಿ, ಗಾಲಿಗೆ ಕೂಡಿಸಿ, ನೀರು ಸುರಿದ. ಹಳಿ ಕುಗ್ಗಿ ಕಟ್ಟಿಗೆಯನ್ನು ಹಿಡಿದುಕೊಂಡಾಗ ಗಾಲಿ ಕಟಕಟ ಎಂದಿತು. ಅಮಾವಾಸ್ಯೆಯ ದಿನ ಬಾಚಿ ತನ್ನ ಜಾಗದಲ್ಲೇ ಪೂಜೆಗೊಂಡಿತು.

ಬಸವಜಯಂತಿಯ ಹಿಂದಿನ ದಿನ ಲಕ್ಕಪ್ಪನ ಎತ್ತು ಕಟ್ಟಿ ಹೊರಟೆವು. ನಾನೂ ಹತ್ತಿ ಕೂತೆ. ಮಾನಪ್ಪ ಹೇಳಿದ ದಿನ ಕೆಲಸ ಒಪ್ಪಿಸುವುದನ್ನು ಕಣ್ಣಾರೆ ನೋಡದೆ ನಾನು ನಂಬುವವನಾಗಿರಲಿಲ್ಲ. ದಾರಿಯಲ್ಲಿ ಒಂದು ಕಡೆ ತಂಗಿ, ಪೂರ್ವ ಕೆಂಪಾಗುವಾಗ ತಿಳವಳ್ಳಿ ಮುಟ್ಟಿದೆವು. ಉಳಿವೆಪ್ಪನ ಮನೆಯ ಕದ ಇನ್ನೂ ಹಾಕಿತ್ತು.

ಮಾನಪ್ಪ ಕೂಗಿದ. ಉಳಿವೆಪ್ಪ ಕಂಬಳಿ ಹೊದ್ದುಕೊಂಡೇ ಕದ ತೆರೆದು, ಬಾಗಿಲಲ್ಲಿ ನಿಂತ ಚಕ್ಕಡಿ ನೋಡಿ, ಕಣ್ಣು ಉಜ್ಜಿ ಮತ್ತೆ ನೋಡಿದ. ಗಾಲಿಯ ಹತ್ತಿರ ಹೋಗಿ ಗೆಣ್ಣಿನಿಂದ ಒಂದು ಅರ ಬಡಿದು ಕಿವಿಗೊಟ್ಟ. ಅವನ ಎತ್ತುಗಳು ಕೊಟ್ಟಿಗೆಯಲ್ಲಿ ಸಗಣಿ ಮೆತ್ತಿಕೊಂಡು ಮಲಗಿದ್ದವು. ಹಬ್ಬದ ದಿನ ಹೊಸ ಚಕ್ಕಡಿಗೆ ಹಾಗೆ ಕಟ್ಟುವುದುಂಟೇ?

"ಮಾನಪ್ಪ..." ಎಂದು ತಡವರಿಸಿದ. "ಸ್ವಲ್ಪ ವ್ಯಾಳೆ ಕೊಡೋ ತಮ್ಮಾ. ಎತ್ತಿನ ಮೈ ತೊಳದಿಲ್ಲ, ಕೋಡಿಗೆ ಬಣ್ಣಾ ಹಚ್ಚಿಲ್ಲ. ನೀ ಮಧ್ಯಾಹ್ನದ ಮ್ಯಾಲೆ ಬರ್ತಿ ಅಂತ ಮಲಗಿದ್ದೆ. ತಪ್ಪು ನಂದ."

ಮಾನಪ್ಪ ಬಾಚಿಯನ್ನು ಹೆಗಲಿನಿಂದ ಇಳಿಸಿ ಜಗಲಿಯ ಮೇಲೆ ಕೂತ. "ಎಷ್ಟೊತ್ತಿಗೆ ಆಗತೈತ್ರಿ? ಖರೇ ಹೇಳ್ರಿ."

"ಹೊತ್ತು ಆ ಬೇವಿನ ಗಿಡದ ಮ್ಯಾಲೆ ಬರೂದ್ರಾಗ."

"ಆಗ್ಲಿ" ಎಂದ ಮಾನಪ್ಪ, ಮತ್ತು ಇಷ್ಟು ದಿನ ನಿಂತುಹೋಗಿದ್ದ ಎಲೆ ಅಡಿಕೆಗೆ ಕೈ ಚಾಚಿದ.